ಒಂದೇ ಲೇಯರ್ ಬೇಕು, ಉಳಿದದ್ದು ಬೇಡ

ಗಾಣದ ಎಣ್ಣೆ ಮಾರುವ ಒಂದು ಅಂಗಡಿಯ ಕರಪತ್ರ ಇದೆ ಎಂದಿಟ್ಟುಕೊಳ್ಳೋಣ. ಎ4 ಅಳತೆ, ಇಂಚಿಗೆ 300 ಪಿಕ್ಸೆಲ್, ಅಂದರೆ 2480 × 3508 ಪಿಕ್ಸೆಲ್. ಫೋಟೋಶಾಪ್‌ನಲ್ಲಿ ಮಾಡಿದ ಆ ಫೈಲ್‌ನಲ್ಲಿ ಹಿನ್ನೆಲೆಗೆ ಹೊಲದ ಫೋಟೊ ಇದೆ. ಅದರ ಮೇಲೆ ಶೇಂಗಾ ಎಣ್ಣೆಯ ಬಾಟಲಿ, ಬಾಟಲಿಯ ಕೆಳಗೆ ನೆರಳು, ಒಂದು ಮೂಲೆಯಲ್ಲಿ ಗಾಣದ ಎತ್ತಿನ ಲೋಗೊ, ಕೆಳಗಡೆ ಕೈಬರಹದಲ್ಲಿ ನಾಲ್ಕು ಎಣ್ಣೆಗಳ ಹೆಸರು. ಇವೆಲ್ಲದರ ಮೇಲೆ, ಇಡೀ ಚಿತ್ರಕ್ಕೆ ಹೊಳಪು ಕೊಡಲು ಹಾಕಿದ ಒಂದು Curves ಲೇಯರ್. ಕರಪತ್ರ ಅಚ್ಚಾಗಿ ಹಂಚಿಯೂ ಆಯಿತು. ಈಗ ಅಂಗಡಿಗೆ ವೆಬ್‌ಸೈಟ್ ಮಾಡುತ್ತಿರುವವರು ಕೇಳುತ್ತಾರೆ: ಬಾಟಲಿ ಒಂದನ್ನೇ ಕೊಡಿ, ಲೋಗೊ ಬೇರೆ ಕೊಡಿ, ನಾಲ್ಕು ಹೆಸರುಗಳನ್ನು ಒಂದೊಂದಾಗಿ ಕೊಡಿ.

ಬಹಳಷ್ಟು ಜನ ಇದಕ್ಕೆ ಇಡೀ ಪುಟವನ್ನು ಜೆಪೆಗ್ ಮಾಡಿ, ಬೇಕಾದಷ್ಟನ್ನು ಕತ್ತರಿಸಿಕೊಳ್ಳುತ್ತಾರೆ. ಹಾಗೆ ಮಾಡಿದರೆ ಬಾಟಲಿಯ ಸುತ್ತ ಹೊಲವೂ ಬರುತ್ತದೆ, ಅದನ್ನು ಅಳಿಸಲು ಮತ್ತೊಂದು ಗಂಟೆ ಹೋಗುತ್ತದೆ. ಆ ಬಾಟಲಿ ಫೈಲ್‌ನೊಳಗೆ ಆಗಲೇ ಹಿನ್ನೆಲೆಯಿಂದ ಬಿಡಿಸಿಟ್ಟ ಸ್ಥಿತಿಯಲ್ಲಿದೆ. ಅದನ್ನು ಇದ್ದ ಹಾಗೆಯೇ ಹೊರತೆಗೆಯುವ ದಾರಿ 2015ರಿಂದಲೂ ಫೋಟೋಶಾಪ್‌ನಲ್ಲಿದೆ. ಲೇಯರ್ ಪಟ್ಟಿಯಲ್ಲಿ ಬೇಕಾದ ಲೇಯರ್ ಮೇಲೆ ಮೌಸ್‌ನ ಬಲಗುಂಡಿ ಒತ್ತಿ Export As ಆರಿಸಿದರೆ ಆ ಲೇಯರ್ ಒಂದೇ ಹೊರಬರುತ್ತದೆ. File ಮೆನುವಿನಲ್ಲಿರುವ Export As ಬೇರೆ, ಅದು ಇಡೀ ಫೈಲನ್ನು ಕೊಡುತ್ತದೆ. ಹೆಸರು ಒಂದೇ ಆದ್ದರಿಂದ ಇಲ್ಲಿ ಗೊಂದಲವಾಗುವುದು ಸಹಜ.

ನಿಜವಾದ ತೊಡಕು ಶುರುವಾಗುವುದು ಲೇಯರ್ ಹೊರಬಂದ ಮೇಲೆ. ಕರಪತ್ರದಲ್ಲಿ ಕಂಡ ಬಾಟಲಿಯೇ ಬೇರೆ, ಕೈಗೆ ಸಿಕ್ಕ ಬಾಟಲಿಯೇ ಬೇರೆ ಅನಿಸುತ್ತದೆ. ಎಣ್ಣೆಯ ಬಂಗಾರದ ಬಣ್ಣ ಮಂಕಾಗಿದೆ, ನೆರಳಿಲ್ಲ. ಫೈಲ್ ಕೆಟ್ಟಿಲ್ಲ. ಒಂದು ಲೇಯರ್ ಪರದೆಯ ಮೇಲೆ ಹೇಗೆ ಕಾಣುತ್ತದೆ ಎಂಬುದು ಅದೊಂದರಿಂದಲೇ ತೀರ್ಮಾನವಾಗುವುದಿಲ್ಲ. ಅದರ ಮೇಲಿರುವ Curves ಲೇಯರ್ ಅದಕ್ಕೆ ಹೊಳಪು ಕೊಟ್ಟಿತ್ತು, ಕೆಳಗಿನ ಬೇರೊಂದು ಲೇಯರ್ ನೆರಳು ಕೊಟ್ಟಿತ್ತು. ಬಾಟಲಿಯನ್ನು ಮಾತ್ರ ಕರೆದಾಗ ಅವೆರಡೂ ಹಿಂದೆಯೇ ಉಳಿದವು.

ಪರಿಹಾರ ಗ್ರೂಪ್ ಮಾಡುವುದು. Curves ಲೇಯರ್‌ನ ಒಂದು ನಕಲು ಮಾಡಿ ಬಾಟಲಿಯ ಮೇಲೆ ಕ್ಲಿಪ್ ಮಾಡಿ, ಅಂದರೆ ಅದರ ಪರಿಣಾಮ ಬಾಟಲಿಗೆ ಮಾತ್ರ ತಗಲುವಂತೆ ಕಟ್ಟಿಹಾಕಿ. ನೆರಳು, ಬಾಟಲಿ, ಕ್ಲಿಪ್ ಮಾಡಿದ Curves ಮೂರನ್ನೂ ಆರಿಸಿ Ctrl+G ಒತ್ತಿದರೆ ಗ್ರೂಪ್ ಆಗುತ್ತದೆ. ಮೂಲ Curves ಲೇಯರ್‌ನ ಕಣ್ಣಿನ ಗುರುತನ್ನು ಆರಿಸಿಬಿಡಿ, ಇಲ್ಲದಿದ್ದರೆ ಪರದೆಯ ಮೇಲೆ ಹೊಳಪು ಎರಡು ಸಲ ಕೂಡಿ ನೀವು ನೋಡುತ್ತಿರುವುದು ಸುಳ್ಳಾಗುತ್ತದೆ. ಆಮೇಲೆ ಗ್ರೂಪ್ ಮೇಲೆಯೇ ಬಲಗುಂಡಿ ಒತ್ತಿ Export As ಕೊಡಿ. ಲೇಯರ್‌ಗೆ ಅನ್ವಯಿಸುವುದೆಲ್ಲ ಗ್ರೂಪ್‌ಗೂ ಅನ್ವಯಿಸುತ್ತದೆ. ಹೊರಗೆ ಕಳಿಸುವ ಮೊದಲು ಗ್ರೂಪ್‌ನ ಕಣ್ಣಿನ ಗುರುತಿನ ಮೇಲೆ Alt ಹಿಡಿದು ಕ್ಲಿಕ್ ಮಾಡಿದರೆ ಉಳಿದದ್ದೆಲ್ಲ ಮರೆಯಾಗಿ ಅದೊಂದೇ ಕಾಣುತ್ತದೆ. ಆಗ ಕಂಡದ್ದೇ ನಿಮಗೆ ಸಿಗುವುದು. ಈ ಒಂದು ಕ್ಲಿಕ್ ಅಭ್ಯಾಸವಾದರೆ ಅರ್ಧ ತಲೆನೋವು ಕಡಿಮೆ.

ಲೋಗೊದ ತೊಡಕು ಇನ್ನೊಂದು ಬಗೆಯದು. ಕಲಾವಿದರು ಬಿಳಿ ಹಾಳೆಯ ಮೇಲೆ ಶಾಯಿಯಲ್ಲಿ ಎತ್ತು, ಗಾಣ ಬರೆದುಕೊಟ್ಟಿದ್ದರು. ಅದನ್ನು ಸ್ಕ್ಯಾನ್ ಮಾಡಿ, ಲೇಯರ್‌ನ ಬ್ಲೆಂಡಿಂಗ್ ಅನ್ನು Multiply ಎಂದು ಬದಲಾಯಿಸಿ ಕರಪತ್ರದಲ್ಲಿ ಕೂರಿಸಲಾಗಿದೆ. ಕೆಳಗಿನ ಬಣ್ಣದೊಂದಿಗೆ ಗುಣಿಸುವ ಈ ವಿಧಾನದಲ್ಲಿ ಬಿಳಿ ಏನನ್ನೂ ಬದಲಿಸುವುದಿಲ್ಲ, ಆದ್ದರಿಂದ ಹಾಳೆಯ ಬಿಳುಪು ಮಾಯವಾದಂತೆ ಕಾಣುತ್ತದೆ. ಅದು ಮಾಯವಾಗಿಲ್ಲ, ಅಲ್ಲಿಯೇ ಇದೆ. ಲೇಯರನ್ನು ಒಂಟಿಯಾಗಿ ಹೊರತೆಗೆದಾಗ ಗುಣಿಸಲು ಕೆಳಗೆ ಬಣ್ಣವೇ ಇಲ್ಲ, ಹಾಗಾಗಿ ಎತ್ತಿನ ಸುತ್ತ ಬಿಳಿ ಚೌಕ ಎದ್ದು ಕೂರುತ್ತದೆ. ವೆಬ್‌ಸೈಟ್‌ನ ಹಸಿರು ಪಟ್ಟಿಯ ಮೇಲೆ ಆ ಚೌಕ ಅಂಟಿಸಿದ ಚೀಟಿಯಂತೆ ಕಾಣುತ್ತದೆ.

ಒಂದೇ ಬಣ್ಣದ ಶಾಯಿಯ ಚಿತ್ರವಾದರೆ ಇದನ್ನು ಚೊಕ್ಕವಾಗಿ ಸರಿಪಡಿಸಬಹುದು. ಲೋಗೊ ಲೇಯರ್ ಮಾತ್ರ ಕಾಣುವಂತೆ ಮಾಡಿ, Channels ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿರುವ RGB ಚಿತ್ರದ ಮೇಲೆ Ctrl ಹಿಡಿದು ಕ್ಲಿಕ್ ಮಾಡಿ. ಬೆಳಕಿರುವ ಭಾಗವೆಲ್ಲ ಆಯ್ಕೆಯಾಗುತ್ತದೆ. Ctrl+Shift+I ಒತ್ತಿ ಆಯ್ಕೆಯನ್ನು ತಿರುಗಿಸಿದರೆ ಶಾಯಿ ಆಯ್ಕೆಯಾಗುತ್ತದೆ. ಹೊಸ ಲೇಯರ್ ತೆರೆದು ಅದರಲ್ಲಿ ಶಾಯಿಯ ಬಣ್ಣ ತುಂಬಿ. ಕುಂಚದ ಅಂಚಿನಲ್ಲಿ ತೆಳುವಾದ ಕಡೆ ಬಣ್ಣವೂ ಅಷ್ಟೇ ತೆಳುವಾಗಿ ತುಂಬುವುದರಿಂದ ಕೈಬರಹದ ಜೀವ ಉಳಿಯುತ್ತದೆ. ಮ್ಯಾಜಿಕ್ ವಾಂಡ್‌ನಿಂದ ಬಿಳಿಯನ್ನು ಅಳಿಸಿದಾಗ ಆ ಅಂಚುಗಳೇ ಗರಗಸದಂತಾಗುವುದು, ಸುತ್ತ ಬಿಳಿ ಗೆರೆ ಉಳಿಯುವುದು. ಕೆಲಸ ಮುಗಿದ ಮೇಲೆ ಲೋಗೊದ ಕೆಳಗೆ ತಾತ್ಕಾಲಿಕವಾಗಿ ಕಡುಬಣ್ಣದ ಒಂದು ಲೇಯರ್ ಇಟ್ಟು ನೋಡಿ. ಬಿಳಿ ಗೆರೆ ಉಳಿದಿದ್ದರೆ ಅಲ್ಲಿ ತಪ್ಪದೆ ಕಾಣುತ್ತದೆ. ಬಿಳಿ ಪರದೆಯ ಮೇಲೆ ಎಷ್ಟು ದಿಟ್ಟಿಸಿದರೂ ಕಾಣದು.

ಇನ್ನು ನಾಲ್ಕು ಹೆಸರುಗಳು: ಶೇಂಗಾ, ಕುಸುಬೆ, ಎಳ್ಳು, ಕೊಬ್ಬರಿ. ಸಾಧಾರಣ ಅಕ್ಷರವಾಗಿದ್ದರೆ ಇವನ್ನು ಚಿತ್ರ ಮಾಡಲೇಬಾರದು, ವೆಬ್‌ಪುಟದಲ್ಲಿ ಯೂನಿಕೋಡ್ ಪಠ್ಯವಾಗಿಯೇ ಟೈಪ್ ಮಾಡಬೇಕು. ಹುಡುಕಿದರೆ ಸಿಗುತ್ತದೆ, ಕಣ್ಣು ಕಾಣದವರಿಗೆ ಸ್ಕ್ರೀನ್ ರೀಡರ್ ಓದಿ ಹೇಳುತ್ತದೆ. ಇವು ಕಲಾವಿದರ ಕೈಬರಹ ಆಗಿರುವುದರಿಂದ ಮಾತ್ರ ಚಿತ್ರವಾಗಬೇಕಿದೆ. ಕನ್ನಡದ ಅಕ್ಷರಗಳನ್ನು ಲೇಯರ್ ಆಗಿ ಹೊರತೆಗೆಯುವಾಗ ಎದುರಾಗುವ ಒಂದು ಸಮಸ್ಯೆಯನ್ನು ನಾನು ಯಾವ ಕೈಪಿಡಿಯಲ್ಲೂ ಓದಿಲ್ಲ.

ಲೇಯರ್ ಹೊರಬರುವಾಗ ಅದರ ಚೌಕವನ್ನು ಫೋಟೋಶಾಪ್ ತಾನೇ ನಿರ್ಧರಿಸುತ್ತದೆ: ಎಲ್ಲಿಯವರೆಗೆ ಬಣ್ಣವಿದೆಯೋ ಅಲ್ಲಿಗೆ ಕತ್ತರಿ. ‘ಶೇಂಗಾ’ ಪದಕ್ಕೆ ಕೆಳಗೆ ಒತ್ತಿಲ್ಲ, ಆದ್ದರಿಂದ ಅದರ ಚಿತ್ರ 92 ಪಿಕ್ಸೆಲ್ ಎತ್ತರ ಬಂತು ಎನ್ನಿ. ‘ಎಳ್ಳು’ ಪದದಲ್ಲಿ ಳಕ್ಕೆ ಳ ಒತ್ತು ಇಳಿಬಿದ್ದಿದೆ, ಅದರ ಚಿತ್ರ 138 ಪಿಕ್ಸೆಲ್ ಎತ್ತರ. ವೆಬ್‌ಸೈಟ್ ಮಾಡುವವರು ನಾಲ್ಕಕ್ಕೂ ಎತ್ತರ 60 ಎಂದು ಬರೆಯುತ್ತಾರೆ, ಅವರಿಗೆ ಅದು ತೀರಾ ಸಹಜ. ಆಗ ‘ಶೇಂಗಾ’ದ ಅಕ್ಷರಗಳು 60 ಪಿಕ್ಸೆಲ್ ಎತ್ತರ ನಿಲ್ಲುತ್ತವೆ. ‘ಎಳ್ಳು’ ಪದದ ಚಿತ್ರದಲ್ಲಿ ಮೂರನೇ ಒಂದು ಪಾಲು ಒತ್ತಿಗೇ ಹೋಗುವುದರಿಂದ ಅದರ ಮುಖ್ಯ ಅಕ್ಷರಗಳಿಗೆ ಉಳಿಯುವುದು 40 ಮಾತ್ರ. ಒಂದೇ ಕೈ ಒಂದೇ ಅಳತೆಯಲ್ಲಿ ಬರೆದ ನಾಲ್ಕು ಹೆಸರುಗಳು ಪುಟದಲ್ಲಿ ದೊಡ್ಡದು ಚಿಕ್ಕದಾಗಿ ಕಾಣುತ್ತವೆ. ಎಲ್ಲಿ ತಪ್ಪಾಯಿತೆಂದು ವೆಬ್‌ನವರಿಗೂ ತಿಳಿಯುವುದಿಲ್ಲ, ಡಿಟಿಪಿಯವರಿಗೂ ತಿಳಿಯುವುದಿಲ್ಲ.

ಆರ್ಟ್‌ಬೋರ್ಡ್ ಉಪಯೋಗಕ್ಕೆ ಬರುವುದು ಇಲ್ಲಿಯೇ. ಒಂದೇ ಫೈಲ್‌ನೊಳಗೆ ಬೇಕಾದ ಅಳತೆಯ ಬೇರೆ ಬೇರೆ ಹಾಳೆಗಳನ್ನು ಇಟ್ಟುಕೊಳ್ಳುವ ಈ ಸೌಕರ್ಯವೂ 2015ರಲ್ಲೇ ಫೋಟೋಶಾಪ್‌ಗೆ ಬಂತು. ಲೇಯರ್‌ನ ಅಂಚನ್ನು ಅದರೊಳಗಿನ ಬಣ್ಣ ನಿರ್ಧರಿಸಿದರೆ, ಆರ್ಟ್‌ಬೋರ್ಡ್‌ನ ಅಂಚನ್ನು ನೀವು ನಿರ್ಧರಿಸುತ್ತೀರಿ. 400 × 160 ಪಿಕ್ಸೆಲ್‌ನ ನಾಲ್ಕು ಆರ್ಟ್‌ಬೋರ್ಡ್‌ಗಳನ್ನು ಸಾಲಾಗಿ ಮಾಡಿ, ಎಲ್ಲದರಲ್ಲೂ ಅಕ್ಷರಗಳ ಬುಡ ಒಂದೇ ಎತ್ತರದಲ್ಲಿ ಬರುವಂತೆ ಒಂದು ಗೈಡ್ ಗೆರೆ ಎಳೆದುಕೊಂಡು ಹೆಸರುಗಳನ್ನು ಕೂರಿಸಿ. ಒತ್ತು ಗೆರೆಯಿಂದ ಕೆಳಗೆ ಇಳಿಯಲಿ, ಅದರ ಜಾಗ ಅದೇ. ‘ಶೇಂಗಾ’ದ ಕೆಳಗೆ ಖಾಲಿ ಉಳಿಯಲಿ, ಆ ಖಾಲಿಯೂ ಚಿತ್ರದ ಭಾಗವಾಗಿ ಹೊರಬರುತ್ತದೆ. ನಾಲ್ಕನ್ನೂ ಒಟ್ಟಿಗೆ ಆರಿಸಿ Export As ಕೊಟ್ಟರೆ ನಾಲ್ಕು ಚಿತ್ರಗಳು ಒಂದೇ ಅಳತೆಯಲ್ಲಿ ಬರುತ್ತವೆ, ಪುಟದಲ್ಲಿ ಹೇಗಿಟ್ಟರೂ ಸಾಲು ತಪ್ಪುವುದಿಲ್ಲ.

ಎರಡು ವಿಷಯ ನೋಡಿಕೊಳ್ಳಬೇಕು. ಆರ್ಟ್‌ಬೋರ್ಡ್‌ಗೆ ಅದರದೇ ಹಿನ್ನೆಲೆ ಬಣ್ಣವಿರುತ್ತದೆ, ಅದು ಬಿಳಿ ಇದ್ದರೆ ಚಿತ್ರಕ್ಕೂ ಬಿಳಿ ಬರುತ್ತದೆ. Properties ಪಟ್ಟಿಯಲ್ಲಿ ಅದನ್ನು Transparent ಮಾಡಿ. ಇನ್ನೊಂದು, ಆರ್ಟ್‌ಬೋರ್ಡ್‌ನ ಅಂಚು ದಾಟಿದ್ದೆಲ್ಲ ಕತ್ತರಿಗೆ ಸಿಗುತ್ತದೆ. ಅಕ್ಷರಕ್ಕೆ ಮೃದುವಾದ ನೆರಳು ಕೊಟ್ಟಿದ್ದರೆ ಅದರ ತುದಿ ನೇರ ಗೆರೆಯಲ್ಲಿ ಕಡಿದುಹೋಗಿರುವುದು ದೊಡ್ಡ ಪರದೆಯಲ್ಲಿ ಮಾತ್ರ ಕಣ್ಣಿಗೆ ಬೀಳುತ್ತದೆ.

ಅಳತೆಯ ಮಾತಿಗೆ ಬಂದರೆ, ಇಂಚಿಗೆ 300 ಎಂಬ ಸಂಖ್ಯೆಗೆ ವೆಬ್‌ನಲ್ಲಿ ಕೆಲಸವಿಲ್ಲ. ಬ್ರೌಸರ್ ಎಣಿಸುವುದು ಪಿಕ್ಸೆಲ್ ಮಾತ್ರ. ನಮ್ಮ ಬಾಟಲಿಯ ಗ್ರೂಪ್ 640 × 1600 ಪಿಕ್ಸೆಲ್ ಇದೆ ಎನ್ನೋಣ, ಪುಟದಲ್ಲಿ ಅದು 320 ಅಗಲದಲ್ಲಿ ಕಾಣಬೇಕು. ಈಗಿನ ಫೋನ್‌ಗಳ ಪರದೆ ಒತ್ತಾಗಿರುವುದರಿಂದ ಆ 320ರ ಜಾಗವನ್ನು ಎರಡು ಮೂರು ಪಟ್ಟು ಪಿಕ್ಸೆಲ್‌ಗಳಿಂದ ತುಂಬುತ್ತವೆ. ಹಾಗಾಗಿ Export As ಕಿಟಕಿಯ ಎಡಭಾಗದಲ್ಲಿ ಎರಡು ಅಳತೆ ಕೇಳಿಕೊಳ್ಳಿ: 0.5x ಒಂದು, 1x ಇನ್ನೊಂದು, ಎರಡನೆಯದರ ಹೆಸರಿನ ಕೊನೆಗೆ @2x. ಮೂರುಪಟ್ಟು ಬೇಕೆಂದರೆ ಈ ಫೈಲ್‌ನಲ್ಲಿ ಅಷ್ಟು ಪಿಕ್ಸೆಲ್ ಇಲ್ಲ. ಹಿಗ್ಗಿಸಿದರೆ ಫೈಲ್ ಭಾರವಾಗುತ್ತದೆಯೇ ಹೊರತು ಬಾಟಲಿಯ ಲೇಬಲ್ ಸ್ಪಷ್ಟವಾಗುವುದಿಲ್ಲ. ವೆಬ್ ಮಾಡುವವರು ಇವೆರಡನ್ನೂ ಹೀಗೆ ಜೋಡಿಸುತ್ತಾರೆ:

```
<img src="shenga-bottle.png"
     srcset="shenga-bottle@2x.png 2x"
     width="320" alt="ಶೇಂಗಾ ಎಣ್ಣೆ ಬಾಟಲಿ">
```

ಅದೇ ಕಿಟಕಿಯ ಬಲಭಾಗದಲ್ಲಿ ಫಾರ್ಮ್ಯಾಟ್ PNG ಇರಲಿ, Transparency ಗುರುತು ಹಾಕಿರಲಿ. ಜೆಪೆಗ್‌ಗೆ ಪಾರದರ್ಶಕ ಭಾಗ ಇಟ್ಟುಕೊಳ್ಳುವ ಶಕ್ತಿಯೇ ಇಲ್ಲ, ಅದು ಅಲ್ಲಿ ಬಿಳಿ ತುಂಬುತ್ತದೆ. Smaller File ಎಂಬ ಗುರುತು ಬಣ್ಣಗಳನ್ನು 256ಕ್ಕೆ ಇಳಿಸಿ ಫೈಲನ್ನು ಹಗುರ ಮಾಡುತ್ತದೆ. ಒಂದೇ ಶಾಯಿಯ ಲೋಗೊಗೆ ಅದು ಧಾರಾಳ ಸಾಕು. ಬಾಟಲಿಗೆ ಹಾಕಿದರೆ ಎಣ್ಣೆಯ ಬಣ್ಣ ನಯವಾಗಿ ಇಳಿಯುವ ಬದಲು ಪಟ್ಟೆ ಪಟ್ಟೆಯಾಗುತ್ತದೆ. Convert to sRGB ಎಂಬುದಕ್ಕೂ ಗುರುತು ಹಾಕಿ. ಮುದ್ರಣದವರು ಕೊಟ್ಟ ಫೈಲ್ CMYK ಆಗಿದ್ದರೆ ಮಾತ್ರ ಮೊದಲೇ ಒಂದು ನಕಲು ಮಾಡಿಕೊಳ್ಳಿ. ನಕಲಿನಲ್ಲಿ ಬಾಟಲಿಯ ಗ್ರೂಪನ್ನು ಒಂದೇ ಲೇಯರ್ ಆಗಿ ಬೆರೆಸಿ, ಆಮೇಲೆ Image ಮೆನುವಿನ Mode ಮೂಲಕ RGB ಮಾಡಿ. ಬೆರೆಸುವ ಮುನ್ನವೇ ಮೋಡ್ ಬದಲಾಯಿಸಿದರೆ Curves ಲೇಯರ್, Multiply ಇತ್ಯಾದಿಗಳ ಪರಿಣಾಮ ಬದಲಾಗಿಬಿಡಬಹುದು.

ಹೊರಬರುವ ಫೈಲ್‌ಗೆ ಲೇಯರ್‌ನ ಹೆಸರೇ ಬರುತ್ತದೆ. ಆದ್ದರಿಂದ Layer 12 copy 2 ಎಂದಿರುವುದನ್ನು ಮೊದಲೇ shenga-bottle ಎಂದು, ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ, ನಡುವೆ ಖಾಲಿ ಬಿಡದೆ ಬದಲಾಯಿಸಿಕೊಳ್ಳುವುದು ಒಳ್ಳೆಯದು. ಹೆಸರಿನ ಉಪಯೋಗ ಇಷ್ಟಕ್ಕೇ ಮುಗಿಯುವುದಿಲ್ಲ. 2013ರಿಂದ ಫೋಟೋಶಾಪ್‌ನಲ್ಲಿ ಇನ್ನೊಂದು ದಾರಿ ಇದೆ. File ಮೆನುವಿನ Generate ಒಳಗೆ Image Assets ಎಂಬುದನ್ನು ಆನ್ ಮಾಡಿ, ಬಾಟಲಿಯ ಗ್ರೂಪ್‌ಗೆ ಈ ಹೆಸರಿಡಿ:

```
50% shenga-bottle.png, shenga-bottle@2x.png
```

ಪಿಎಸ್‌ಡಿ ಇರುವ ಫೋಲ್ಡರ್‌ನಲ್ಲೇ ಫೈಲ್‌ನ ಹೆಸರಿಗೆ -assets ಸೇರಿಸಿದ ಹೊಸ ಫೋಲ್ಡರ್ ಹುಟ್ಟಿ, ಅದರೊಳಗೆ ಎರಡೂ ಚಿತ್ರಗಳು ಸಿದ್ಧವಾಗುತ್ತವೆ. ಅಂಗಡಿಯವರು ಮುಂದಿನ ತಿಂಗಳು ಬಾಟಲಿಯ ಲೇಬಲ್ ಬದಲಿಸಿದರೆ ಲೇಯರ್‌ನಲ್ಲಿ ತಿದ್ದಿದ ಕೂಡಲೇ ಆ ಫೋಲ್ಡರ್‌ನ ಚಿತ್ರಗಳೂ ತಾವಾಗಿ ಬದಲಾಗುತ್ತವೆ. ಒಂದೇ ಸಲ ಒಂದೇ ಚಿತ್ರ ಬೇಕಾದವರಿಗೆ Export As ಸಾಕು. ಹತ್ತಾರು ಬಾಟಲಿಗಳ ಚಿತ್ರವನ್ನು ಹಬ್ಬಕ್ಕೊಮ್ಮೆ ಬದಲಿಸುವ ಅಂಗಡಿಯಾದರೆ ಮೊದಲ ದಿನವೇ ಈ ಹೆಸರುಗಳನ್ನು ಬರೆದಿಟ್ಟುಕೊಳ್ಳುವುದು ಲಾಭ.