ರಿಸಲ್ಟ್ ಕ್ಯಾಪ್ಷನ್ ಹಿಂದಿನ ರಾತ್ರಿಯೇ ಬರೆದಿಡಿ

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ದಿನ ಮಧ್ಯಾಹ್ನದ ಹೊತ್ತಿಗೆ ನಮ್ಮ ಫೋನೆಲ್ಲಾ ಅಂಕಪಟ್ಟಿಗಳಿಂದ ತುಂಬಿರುತ್ತೆ. ನಾವೂ ಏನಾದರೂ ಹಾಕಬೇಕು ಅನ್ನಿಸೋದು ಸಹಜ. ಮಗುವಿನ ಶ್ರಮದ ಬಗ್ಗೆ ಹೇಳಬೇಕು, ಆದ್ರೆ ಅಂಕ ಬೇಡ, ಇನ್ನೊಬ್ಬರ ಜೊತೆ ಹೋಲಿಕೆಯೂ ಬೇಡ. ಹಾಗೆ ಬರೆಯೋಕೆ ಕೂತಾಗಲೇ ಗೊತ್ತಾಗೋದು, ಅಂಕ ಎಷ್ಟು ದಾರಿಯಲ್ಲಿ ಸೋರುತ್ತೆ ಅಂತ.

ವಿದ್ಯಾರಣ್ಯಪುರಂನ ಒಂದು ಮನೆ ಅಂದುಕೊಳ್ಳಿ. ಮಗಳು ಹತ್ತನೇ ಕ್ಲಾಸು. ಅಪ್ಪ ಮೊದಲು ಬರೆಯೋದು ಹೀಗೆ: ‘625ಕ್ಕೆ 571! ನಮ್ಮ ಹೆಮ್ಮೆ.’ ಅಮ್ಮ ಬೇಡ ಅಂತಾಳೆ. ಅಂಕ ಅಳಿಸಿ, ‘ಡಿಸ್ಟಿಂಕ್ಷನ್‌ನಲ್ಲಿ ಪಾಸ್’ ಅಂತ ತಿದ್ದುತ್ತಾರೆ. ಆದ್ರೆ ಡಿಸ್ಟಿಂಕ್ಷನ್ ಅಂದ್ರೆ ನೂರಕ್ಕೆ 85ರ ಮೇಲೆ ಅಂತ ಓದುವವರಿಗೆಲ್ಲ ಗೊತ್ತು. ಅಂಕ ಬಚ್ಚಿಟ್ಟ ಹಾಗಾಯ್ತು, ಅದರ ಗಡಿ ಮಾತ್ರ ಬಯಲಾಯ್ತು. ‘ಕ್ಲಾಸಿಗೇ ಎರಡನೆಯವಳು’ ಅಂದರಂತೂ ಉಳಿದ ಮಕ್ಕಳನ್ನೂ ಸಾಲಿನಲ್ಲಿ ನಿಲ್ಲಿಸಿದ ಹಾಗೆ. ಸಿಬಿಎಸ್‌ಇ ಮಂಡಳಿಯೇ 2023ರಲ್ಲಿ ಮೆರಿಟ್ ಲಿಸ್ಟ್ ಕೊಡಲ್ಲ, ಫಸ್ಟ್ ಕ್ಲಾಸು ಸೆಕೆಂಡ್ ಕ್ಲಾಸು ಅಂತ ಹೇಳಲ್ಲ ಅಂದಿತು. ಮಕ್ಕಳ ನಡುವೆ ಆರೋಗ್ಯಕರವಲ್ಲದ ಪೈಪೋಟಿ ಬೇಡ ಅನ್ನೋದೇ ಅದು ಕೊಟ್ಟ ಕಾರಣ.

ಮೂರನೇ ಪ್ರಯತ್ನ ಇನ್ನೂ ಮೆತ್ತಗಿದೆ: ‘ಲೆಕ್ಕದಲ್ಲಿ ವೀಕ್ ಇದ್ದವಳು ಕೊನೆಗೂ ಗೆದ್ದಳು.’ ಇಲ್ಲಿ ಅಂಕ ಇಲ್ಲ ನಿಜ, ಆದ್ರೆ ಮಗಳ ಸೋಲಿನ ಕಥೆ ಊರಿಗೆಲ್ಲ ಹೋಯ್ತು. ‘ಅಂದುಕೊಂಡಷ್ಟು ಬರಲಿಲ್ಲ, ಆದರೂ ಖುಷಿ’ ಅನ್ನೋದೂ ಹಾಗೇ. ಅದು ಸಮಾಧಾನದ ಮಾತು ಅಂತ ನಮಗನ್ನಿಸುತ್ತೆ, ಮಗುವಿಗೆ ಕೇಳಿಸೋದು ‘ಬರಲಿಲ್ಲ’ ಅನ್ನೋದೊಂದೇ.

ಇದಕ್ಕೆಲ್ಲ ಒಂದು ಸರಳ ಉಪಾಯ ಇದೆ. ಕ್ಯಾಪ್ಷನ್‌ನ ರಿಸಲ್ಟ್‌ನ ಹಿಂದಿನ ರಾತ್ರಿಯೇ ಬರೆದಿಡಿ. ಆಗ ನಿಮಗೇ ಅಂಕ ಗೊತ್ತಿರಲ್ಲ, ಹಾಗಾಗಿ ಸೋರೋಕೆ ಏನೂ ಇರಲ್ಲ. ಬರೆಯೋಕೆ ಉಳಿಯೋದು ಮಗು ಈ ವರ್ಷ ಏನು ಮಾಡಿತು ಅನ್ನೋದಷ್ಟೇ. ‘ತುಂಬಾ ಕಷ್ಟಪಟ್ಟಳು’ ಅನ್ನೋದು ಯಾರ ಮಗುವಿಗೂ ಹೊಂದುತ್ತೆ. ಮನೆಯವರು ಮಾತ್ರ ಕಂಡ ಒಂದು ಕೆಲಸ ಹುಡುಕಿ. ಆ ಮನೆಯವರು ಕೊನೆಗೆ ಬರೆದಿದ್ದು ಹೀಗಿರಬಹುದು:

‘ಇವತ್ತು ಬಿಡಿಸೋಕಾಗದ ಲೆಕ್ಕಕ್ಕೆ ನಾಳೆ ಬೆಳಿಗ್ಗೆ ಮತ್ತೆ ಕೂತ್ಕೊಳ್ತಿದ್ದಳು. ವರ್ಷಪೂರ್ತಿ ಹೀಗೇ. ಹತ್ತನೇ ಕ್ಲಾಸಿನ ಪುಸ್ತಕ ಇವತ್ತು ಅಟ್ಟಕ್ಕೆ. ಸಂಜೆ ಚಾಮುಂಡಿ ಬೆಟ್ಟ, ಇಳಿದ ಮೇಲೆ ಮಸಾಲೆ ದೋಸೆ.’

ಇದನ್ನ ಒಮ್ಮೆ ಪರೀಕ್ಷೆ ಮಾಡಿ. ಅಂಕ ನೂರು ಕಡಿಮೆ ಬಂದಿದ್ದರೂ ಒಂದಕ್ಷರ ಬದಲಾಯಿಸದೆ ಹಾಕಬಹುದಾ? ಹಾಕಬಹುದು ಅಂದ್ರೆ ಸರಿಯಾಗಿದೆ. ಹಾಕೋ ಮುಂಚೆ ಮಗುವಿಗೆ ಓದಿ ಹೇಳಿ. ‘ಬೇಡಮ್ಮ’ ಅಂದರೆ ಅಲ್ಲಿಗೇ ಬಿಡಿ. ಪಾಸಾಗದೆ ಪರೀಕ್ಷೆ-2 ಬರೆಯೋ ಹಾಗಾದರೆ ಆ ದಿನ ಯಾವ ಪೋಸ್ಟೂ ಬೇಕಾಗಿಲ್ಲ, ದೋಸೆ ಮಾತ್ರ ತಪ್ಪಿಸಬೇಡಿ.

ಇನ್ನು ಫೋಟೊ. ಅಂಕಪಟ್ಟಿಯ ಮೇಲೆ ಎಮೋಜಿ ಅಂಟಿಸಿ ಹಾಕೋರಿದ್ದಾರೆ. ಅಂಕ ಮುಚ್ಚಿದರೂ ರಿಜಿಸ್ಟರ್ ನಂಬರ್ ಕಾಣ್ತಿರುತ್ತೆ. karresults.nic.in ತಾಣದಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ನೋಡೋಕೆ ಕೇಳೋದು ಎರಡೇ: ರಿಜಿಸ್ಟರ್ ನಂಬರ್, ಹುಟ್ಟಿದ ದಿನಾಂಕ. ಹುಟ್ಟುಹಬ್ಬದ ಫೋಟೊವನ್ನ ನೀವೇ ಹಾಕಿರ್ತೀರಿ, ವಯಸ್ಸು ಲೆಕ್ಕ ಹಾಕಿದರೆ ವರ್ಷವೂ ಸಿಗುತ್ತೆ. ಮಾರ್ಚ್‌ನಲ್ಲಿ ‘ಆಲ್ ದಿ ಬೆಸ್ಟ್ ಪುಟ್ಟಿ’ ಅಂತ ಹಾಲ್ ಟಿಕೆಟ್ ಫೋಟೊ ಹಾಕಿದ್ದರೆ ಅದನ್ನೂ ಈಗಲೇ ತೆಗೆಯಿರಿ. ಅದರ ಬದಲು ಮೂಲೆ ಮಡಚಿದ ನೋಟ್‌ಬುಕ್ಕಿನ ರಟ್ಟೋ, ಬೆಟ್ಟದ ಮೆಟ್ಟಿಲ ಮೇಲೆ ಕೂತ ಮಗಳೋ ಸಾಕು. ರಟ್ಟಿನ ಮೇಲೆ ಶಾಲೆ ಹೆಸರು ಇಲ್ಲದಿದ್ದರೆ ಇನ್ನೂ ಒಳ್ಳೇದು.

ಇಷ್ಟಾದರೂ ಮೊದಲ ಕಾಮೆಂಟ್ ಬರೋದು ‘ಎಷ್ಟು ಬಂತು?’ ಅಂತಲೇ. ಕೇಳೋದು ಬಹಳ ಸಲ ಚಿಕ್ಕಮ್ಮನೋ ಮಾವನೋ. ಉತ್ತರವನ್ನೂ ಕ್ಯಾಪ್ಷನ್ ಜೊತೆಗೇ ಬರೆದಿಟ್ಟುಕೊಳ್ಳಿ: ‘ಅವಳಿಗೇ ಫೋನ್ ಮಾಡಿ ಮಾತಾಡಿ ಅತ್ತೆ, ಖುಷಿ ಪಡ್ತಾಳೆ.’ ಹೇಳೋದೋ ಬೇಡವೋ ಅನ್ನೋದು ಆಗ ಮಗಳ ಕೈಯಲ್ಲಿರುತ್ತೆ.

ಒಂದು ಮಾತು ಮಾತ್ರ ಮರೀಬೇಡಿ. ಅಕ್ಕನಿಗೆ ಆ ವರ್ಷ ಅಂಕ ಹಾಕಿ, ತಮ್ಮನಿಗೆ ಈ ವರ್ಷ ಬರೀ ಶ್ರಮ ಹೊಗಳಿದರೆ, ನೆಂಟರು ಲೆಕ್ಕ ಹಾಕಿಬಿಡ್ತಾರೆ. ತಮ್ಮ ಅವರಿಗಿಂತ ಮೊದಲೇ ಹಾಕಿರ್ತಾನೆ. ಅಕ್ಕನ ಹಳೇ ಪೋಸ್ಟ್ ಇನ್ನೂ ಇದ್ದರೆ, ಅವಳನ್ನ ಕೇಳಿ ಅದನ್ನೂ ಈಗಲೇ ತಿದ್ದಿಬಿಡಿ.