ಮುಟ್ಟು ಸೊರಗಿದಾಗ ಕ್ಷಯವನ್ನೂ ನೆನೆಯಿರಿ

ಸ್ತ್ರೀರೋಗ ತಜ್ಞರು ಆಗಾಗ ಕಾಣುವ ಒಂದು ಮಾದರಿ ಪ್ರಕರಣ ಇದು. ಹೆಂಗಸಿಗೆ 27 ವರ್ಷ, ಮದುವೆಯಾಗಿ ನಾಲ್ಕು ವರ್ಷ, ಇನ್ನೂ ಮಕ್ಕಳಾಗಿಲ್ಲ. ಮೊದಲು ನಾಲ್ಕೈದು ದಿನ ಆಗುತ್ತಿದ್ದ ಮುಟ್ಟು ಎರಡು ವರ್ಷದಿಂದ ಕಡಿಮೆಯಾಗುತ್ತಾ ಬಂದು, ಈಗ ಅರ್ಧ ದಿನ ಬಟ್ಟೆಗೆ ಕಲೆಯಾಗುವಷ್ಟೇ ಉಳಿದಿದೆ. ಜ್ವರವಿಲ್ಲ, ಕೆಮ್ಮಿಲ್ಲ, ಎದೆಯ ಎಕ್ಸ್‌ರೇ ಶುಭ್ರ. ಥೈರಾಯ್ಡ್ ಮತ್ತು ಅಂಡಾಶಯದ ಹಾರ್ಮೋನುಗಳೂ ಸರಿಯಾಗಿವೆ. ಕ್ಷಯದ ಮಾತೆತ್ತಿದರೆ ಮನೆಯವರು ನಂಬುವುದು ಕಷ್ಟ.

ವೈದ್ಯರು ಇಲ್ಲಿ ಒಂದು ಸರಳ ಪರೀಕ್ಷೆ ಮಾಡುತ್ತಾರೆ. ಬಸಿರಿಲ್ಲವೆಂದು ಖಚಿತಪಡಿಸಿಕೊಂಡು, ಸುಮಾರು ಮೂರು ವಾರ ಈಸ್ಟ್ರೊಜೆನ್ ಮಾತ್ರೆ ಕೊಟ್ಟು, ಕೊನೆಗೆ ಕೆಲವು ದಿನ ಪ್ರೊಜೆಸ್ಟೆರಾನ್ ಸೇರಿಸಿ ನಿಲ್ಲಿಸುತ್ತಾರೆ. ಗರ್ಭಕೋಶ ಚೆನ್ನಾಗಿದ್ದರೆ ಒಂದು ವಾರದೊಳಗೆ ಮುಟ್ಟಾಗಬೇಕು. ಈಕೆಗೆ ಆಗಲಿಲ್ಲ. ಹಾಗಾದರೆ ದೋಷವಿರುವುದು ಹಾರ್ಮೋನಿನಲ್ಲಲ್ಲ, ಅದಕ್ಕೆ ಓಗೊಡಬೇಕಾದ ಗರ್ಭಕೋಶದ ಒಳಪದರದಲ್ಲಿ. ಗರ್ಭಪಾತದ ನಂತರ ಗರ್ಭಕೋಶವನ್ನು ಕೆರೆದು ಸ್ವಚ್ಛಗೊಳಿಸಿದ್ದರೂ ಹೀಗಾಗಬಹುದು. ಆ ಹಿನ್ನೆಲೆಯಿಲ್ಲದವಳಲ್ಲಿ, ಅದೂ ನಮ್ಮ ದೇಶದಲ್ಲಿ, ಮೊದಲು ಅನುಮಾನಿಸಬೇಕಾದದ್ದು ಕ್ಷಯವನ್ನು.

ಕ್ಷಯದ ಬ್ಯಾಕ್ಟೀರಿಯಾ ದೇಹವನ್ನು ಹೊಗುವುದು ಸಾಮಾನ್ಯವಾಗಿ ಉಸಿರಿನ ಮೂಲಕ, ಎಷ್ಟೋ ಸಲ ಬಾಲ್ಯದಲ್ಲೇ. ಶ್ವಾಸಕೋಶದಲ್ಲಿ ಆದ ಸಣ್ಣ ಗಾಯ ಗೊತ್ತಾಗದೆ ಮಾಯಬಹುದು. ಅಷ್ಟರಲ್ಲಿ ಕೆಲವು ಬ್ಯಾಕ್ಟೀರಿಯಾ ರಕ್ತದ ಜೊತೆ ಹೊರಟು ಅಂಡನಾಳಗಳನ್ನು ಸೇರಿ, ವರ್ಷಗಟ್ಟಲೆ ಸುಮ್ಮನಿದ್ದು ಆಮೇಲೆ ತಲೆಯೆತ್ತುತ್ತವೆ. ಜನನಾಂಗದ ಕ್ಷಯದಲ್ಲಿ ಎರಡೂ ನಾಳಗಳು ಕೆಡುವುದೇ ಹೆಚ್ಚು. ಅಂಡ ಮತ್ತು ವೀರ್ಯಾಣು ಸೇರುವ ದಾರಿಯೇ ಮುಚ್ಚಿಹೋಗುತ್ತದೆ. ಸುಮಾರು ಅರ್ಧದಷ್ಟು ಮಂದಿಯಲ್ಲಿ ಸೋಂಕು ನಾಳದಿಂದ ಗರ್ಭಕೋಶಕ್ಕೂ ಇಳಿಯುತ್ತದೆ.

ಒಳಪದರದ ಮೇಲುಭಾಗ ಪ್ರತಿ ತಿಂಗಳೂ ಕಳಚಿಹೋಗಿ, ಬುಡದ ಪದರದಿಂದ ಮತ್ತೆ ಬೆಳೆಯುತ್ತದೆ. ಗರಿಕೆಯನ್ನು ಎಷ್ಟು ಸವರಿದರೂ ಬೇರಿದ್ದರೆ ಚಿಗುರುವ ಹಾಗೆ. ಕ್ಷಯ ಆ ಬೇರನ್ನೇ ತಿನ್ನುತ್ತದೆ. ಬುಡದ ಪದರ ಸತ್ತ ಜಾಗದಲ್ಲಿ ನಾರು ಬೆಳೆದು, ಗರ್ಭಕೋಶದ ಎದುರುಬದುರು ಗೋಡೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಕಳಚಲು ಪದರವೇ ಇಲ್ಲದ ಮೇಲೆ ಮುಟ್ಟೆಲ್ಲಿಂದ ಬರಬೇಕು? ಹಾಗೆಂದು ಮುಟ್ಟು ಸರಿಯಿದ್ದರೆ ಕ್ಷಯವಿಲ್ಲ ಎನ್ನುವಂತಿಲ್ಲ. ನಾಳದಲ್ಲಷ್ಟೇ ರೋಗವಿರುವ ಅನೇಕರಿಗೆ ಮುಟ್ಟು ಎಂದಿನಂತೆಯೇ ಇರುತ್ತದೆ.

ರೋಗ ಪತ್ತೆಯಲ್ಲೇ ನಿಜವಾದ ತೊಡಕಿರುವುದು. ಕಫದಲ್ಲಿ ಸಿಗುವಷ್ಟು ಬ್ಯಾಕ್ಟೀರಿಯಾ ಇಲ್ಲಿ ಸಿಗುವುದಿಲ್ಲ. ಸೂಕ್ಷ್ಮದರ್ಶಕದಲ್ಲಿ ಕಾಣಬೇಕಾದರೆ ಒಂದು ಮಿಲಿಲೀಟರಿನಲ್ಲಿ ಸಾವಿರಾರು ಇರಬೇಕು. ಒಳಪದರದ ಚೂರಿನಲ್ಲಿ ಅಷ್ಟಿರುವುದು ಅಪರೂಪ. ಆ ಚೂರನ್ನು ಮುಟ್ಟಿಗೆ ಮುಂಚಿನ ದಿನಗಳಲ್ಲಿ ತೆಗೆದರೆ ಉತ್ತಮ, ಏಕೆಂದರೆ ಕ್ಷಯದ ಗಂಟುಗಳು ಬಲಿಯಲು ಆಗಷ್ಟೇ ಸಮಯ ಸಿಕ್ಕಿರುತ್ತದೆ. ಇನ್ನೊಂದು ಸಣ್ಣ ತಪ್ಪು ಇಡೀ ಪರೀಕ್ಷೆಯನ್ನು ಕೆಡಿಸುತ್ತದೆ: ತೆಗೆದ ಚೂರನ್ನೆಲ್ಲ ಫಾರ್ಮಲಿನ್‌ಗೆ ಹಾಕುವುದು. ಅದರಲ್ಲಿ ಬ್ಯಾಕ್ಟೀರಿಯಾ ಸಾಯುತ್ತವೆ, ಕಲ್ಚರ್ ಸಾಧ್ಯವಾಗುವುದಿಲ್ಲ. ಒಂದು ಪಾಲು ಫಾರ್ಮಲಿನ್‌ನಲ್ಲೂ ಇನ್ನೊಂದು ಪಾಲು ಸಲೈನ್‌ನಲ್ಲೂ ಹೋಗಬೇಕು. ಕಲ್ಚರ್ ವರದಿಗೆ ಆರರಿಂದ ಎಂಟು ವಾರ ಕಾಯಬೇಕಾಗಬಹುದು.

ಆತುರದವರಿಗೆ ಪಿಸಿಆರ್ ಇದೆ. ಆದರೆ ಸತ್ತ ಬ್ಯಾಕ್ಟೀರಿಯಾದ ತುಣುಕಿಗೂ ಅದು 'ಪಾಸಿಟಿವ್' ಎನ್ನಬಲ್ಲದು. ಅದೊಂದನ್ನೇ ನೆಚ್ಚಿ ಆರು ತಿಂಗಳ ಔಷಧಿ ಶುರು ಮಾಡುವುದು ನನ್ನ ಪ್ರಕಾರ ಅವಸರ. ಲ್ಯಾಪರೊಸ್ಕೋಪಿಯಲ್ಲಿ ಕಂಡದ್ದು, ಬಯಾಪ್ಸಿ, ಕಲ್ಚರ್ ಇವನ್ನೂ ಜೋಡಿಸಿ ನೋಡಬೇಕು. ಇನ್ನು ರಕ್ತದಲ್ಲಿ ಪ್ರತಿಕಾಯ ಹುಡುಕಿ ಕ್ಷಯ ಹೇಳುವ ಪರೀಕ್ಷೆಗಳನ್ನು ಭಾರತ ಸರ್ಕಾರ 2012ರಲ್ಲೇ ನಿಷೇಧಿಸಿದೆ.

ನಮ್ಮ ಪ್ರಕರಣದಲ್ಲಿ ನಾಳಗಳ ಎಕ್ಸ್‌ರೇಯಲ್ಲಿ ಎರಡೂ ಬದಿ ಮುಚ್ಚಿದ್ದು ಕಂಡಿತು, ಬಯಾಪ್ಸಿ ಕ್ಷಯವನ್ನು ತೋರಿಸಿತು ಎಂದಿಟ್ಟುಕೊಳ್ಳಿ. ಚಿಕಿತ್ಸೆ ಶ್ವಾಸಕೋಶದ ಕ್ಷಯದ್ದೇ: ಮೊದಲ ಎರಡು ತಿಂಗಳು ನಾಲ್ಕು ಔಷಧಿ, ಮುಂದಿನ ನಾಲ್ಕು ತಿಂಗಳು ಮೂರು. ಸರ್ಕಾರಿ ಆಸ್ಪತ್ರೆಯಲ್ಲಿ ಇವು ಉಚಿತ. ರಿಫಾಂಪಿಸಿನ್‌ನಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಗಾಬರಿ ಬೇಡ.

ಔಷಧಿ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಆಗಿಹೋದ ನಾರನ್ನು ಕರಗಿಸುವುದಿಲ್ಲ. ಒಳಪದರ ಸ್ವಲ್ಪವಾದರೂ ಉಳಿದಿದ್ದರೆ ಮುಟ್ಟು ಸುಧಾರಿಸಬಹುದು. ನಾಳಗಳು ಮುಚ್ಚಿದ್ದರೂ ಪದರ ಚೆನ್ನಾಗಿದ್ದರೆ ಐವಿಎಫ್‌ಗೆ ಅವಕಾಶವಿದೆ. ಗೋಡೆಗಳೇ ಅಂಟಿಕೊಂಡಿದ್ದರೆ ದುರ್ಬೀನಿನಿಂದ ಬಿಡಿಸಿದರೂ ಮತ್ತೆ ಅಂಟುವುದುಂಟು. ಚಿಕಿತ್ಸೆಯ ನಂತರ ಬಸಿರು ನಿಂತವರು ಬೇಗನೆ ಸ್ಕ್ಯಾನ್ ಮಾಡಿಸಬೇಕು, ಏಕೆಂದರೆ ಗಾಯಗೊಂಡ ನಾಳದಲ್ಲೇ ಭ್ರೂಣ ನೆಲೆಸುವ ಅಪಾಯ ಇವರಲ್ಲಿ ಹೆಚ್ಚು.

ಹೀಗಾಗಿ ಮುಟ್ಟು ಪೂರ್ತಿ ನಿಲ್ಲುವವರೆಗೆ ಕಾಯಬೇಡಿ. ತಿಂಗಳಿನಿಂದ ತಿಂಗಳಿಗೆ ಕಡಿಮೆಯಾಗುತ್ತಿದ್ದರೆ ಆಗಲೇ ವೈದ್ಯರಿಗೆ ತೋರಿಸಿ. ಮನೆಯಲ್ಲಿ ಯಾರಿಗಾದರೂ ಎಂದಾದರೂ ಕ್ಷಯವಾಗಿತ್ತೇ ಎಂಬುದನ್ನು ಕೇಳಿ ತಿಳಿದುಕೊಂಡು ಹೋಗಿ.