ಟ್ಯಾಂಕಿನ ನೆರಳು ಮತ್ತು ತಾರಸಿಯ ಸೋಲಾರ್

ತಾರಸಿಯ ಮೇಲೆ ಸೋಲಾರ್ ಫಲಕ ಕೂರಿಸುವಾಗ ಮೊದಲು ನೋಡಬೇಕಾದದ್ದು ನೆರಳು. ಬೆಂಗಳೂರಿನ 30×40 ನಿವೇಶನದ ಒಂದು ಮನೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. 3 ಕಿಲೋವ್ಯಾಟ್ ವ್ಯವಸ್ಥೆಗೆ 540 ವ್ಯಾಟ್‌ನ ಆರು ಫಲಕ ಬೇಕು. ಓಡಾಡಲು ಬಿಡುವ ಜಾಗವೂ ಸೇರಿ ಸುಮಾರು 300 ಚದರಡಿ ಸಾಕು. ಅಷ್ಟು ಜಾಗ ಸಿಗುವುದು ಕಷ್ಟವಲ್ಲ. ತೊಡಕು ಇರುವುದು ನೈಋತ್ಯ ಮೂಲೆಯಲ್ಲಿ. ವಾಸ್ತು ನೋಡಿ ನೀರಿನ ಟ್ಯಾಂಕನ್ನು ಸಾಮಾನ್ಯವಾಗಿ ಅಲ್ಲೇ ಎತ್ತರಿಸಿ ಇಟ್ಟಿರುತ್ತಾರೆ.

ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ತಾರಸಿಯಿಂದ 10 ಅಡಿ ಎತ್ತರದ ಟ್ಯಾಂಕಿನ ನೆರಳು ನಡುಹಗಲಲ್ಲೇ ಉತ್ತರಕ್ಕೆ 7 ಅಡಿ ಚಾಚುತ್ತದೆ. ಮಧ್ಯಾಹ್ನ 3 ಗಂಟೆ ದಾಟಿದರೆ ಈಶಾನ್ಯದ ಕಡೆಗೆ 15 ಅಡಿ ಉದ್ದವಾಗುತ್ತದೆ. ಏಪ್ರಿಲ್ ಕೊನೆಯಲ್ಲಾದರೆ ನಡುಹಗಲ ಸೂರ್ಯ ನೆತ್ತಿಯ ಮೇಲಿರುತ್ತಾನೆ, ನೆರಳೇ ಕಾಣುವುದಿಲ್ಲ. ಬೇಸಿಗೆಯಲ್ಲಿ ಜಾಗ ನೋಡಿಹೋಗುವವರು ಎಡವುವುದು ಇಲ್ಲಿಯೇ. ಫಲಕದೊಳಗಿನ ಕೋಶಗಳು ಸಾಲಾಗಿ ಒಂದಕ್ಕೊಂದು ಜೋಡಿಸಿಕೊಂಡಿರುವುದರಿಂದ ಒಂದು ಮೂಲೆಗೆ ನೆರಳು ಬಿದ್ದರೂ ಫಲಕದ ಮೂರನೇ ಒಂದು ಭಾಗ ಸುಮ್ಮನಾಗಬಹುದು. ಟ್ಯಾಂಕಿನಿಂದ ದೂರ ಸರಿಸುವುದು ಅಥವಾ ಕಬ್ಬಿಣದ ಕಂಬಗಳ ಮೇಲೆ ಫಲಕಗಳನ್ನು ಎತ್ತರಿಸುವುದು ಇದಕ್ಕೆ ದಾರಿ. ಎತ್ತರಿಸಿದಷ್ಟೂ ಗಾಳಿಯ ಹೊಡೆತ ಹೆಚ್ಚು, ಬುಡದ ಹಿಡಿತವೂ ಅಷ್ಟೇ ಗಟ್ಟಿಯಾಗಿರಬೇಕು.

ತಾರಸಿ ಸೋರೀತೆಂಬ ಅಂಜಿಕೆ ಸಹಜ. ಸೋರುವುದು ಫಲಕದ ಭಾರದಿಂದಲ್ಲ, ವಾಟರ್‌ಪ್ರೂಫಿಂಗ್ ಪದರವನ್ನು ಸೀಳಿ ಕೊರೆದ ತೂತುಗಳಿಂದ. ತೂತು ಕೊರೆಯದೆ, ತಾರಸಿಯ ಮೇಲೆಯೇ ಕಾಂಕ್ರೀಟ್ ದಿಮ್ಮಿಗಳನ್ನು ಎರಕ ಹೊಯ್ದು ಅದರಲ್ಲಿ ಕಂಬದ ಬುಡ ಕೂರಿಸಬಹುದು. ದಿಮ್ಮಿಯ ತೂಕ ಗಾಳಿಯ ಎಳೆತವನ್ನು ತಡೆಯುವಷ್ಟಿರಬೇಕು. ಮಳೆನೀರು ಹರಿದುಹೋಗುವ ದಾರಿಗೆ ಅದು ಅಡ್ಡವಾಗಬಾರದು.

ಫಲಕಗಳ ವಿದ್ಯುತ್ತನ್ನು ಇನ್ವರ್ಟರ್ ಮನೆಬಳಕೆಗೆ ತಕ್ಕಂತೆ ಬದಲಿಸುತ್ತದೆ. ಹಗಲು ಮಿಕ್ಕದ್ದು ಲೈನಿಗೆ ಹೋಗುತ್ತದೆ, ರಾತ್ರಿ ಲೈನಿನಿಂದ ಬರುತ್ತದೆ. ಎರಡನ್ನೂ ಅಳೆಯುವ ಮೀಟರ್ ಬೇರೆ ಇರುತ್ತದೆ. ಕರೆಂಟ್ ಹೋದಾಗ ಬಿಸಿಲಿದ್ದರೂ ಈ ವ್ಯವಸ್ಥೆ ತಾನಾಗಿ ನಿಂತುಬಿಡುತ್ತದೆ ಎಂಬುದನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಕಂಬದ ಮೇಲೆ ದುರಸ್ತಿ ಮಾಡುತ್ತಿರುವ ಲೈನ್‌ಮನ್‌ಗೆ ಮನೆಯಿಂದ ಹರಿದ ವಿದ್ಯುತ್ ತಗುಲಬಾರದು. ಕತ್ತಲಾಗಬಾರದೆನ್ನುವವರಿಗೆ ಬ್ಯಾಟರಿಯುಳ್ಳ ಹೈಬ್ರಿಡ್ ಇನ್ವರ್ಟರ್ ಬೇಕು, ಖರ್ಚು ಏರುತ್ತದೆ. ಮನೆಯಲ್ಲಿರುವ ಹಳೆಯ ಯುಪಿಎಸ್ ಮಾತ್ರ ಎಂದಿನಂತೆ ಕೆಲಸ ಮಾಡುತ್ತದೆ.

2024ರಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಹಾಯಧನ ನಿಗದಿಯಾಯಿತು. ಅದು ಖಾತೆಗೆ ಜಮೆಯಾಗುವುದು ವ್ಯವಸ್ಥೆ ಚಾಲೂ ಆದ ಮೇಲೆ.

ಚಾಲೂ ಆದ ಮೇಲೆ ನಿರ್ಮಲ ಬಿಸಿಲಿನ ದಿನ ಸುಮಾರು 12 ಯೂನಿಟ್ ಬರಬೇಕು, ಮಳೆಗಾಲದಲ್ಲಿ ಇಳಿಯುತ್ತದೆ. ಒಳ್ಳೆಯ ಬಿಸಿಲಿದ್ದೂ 8 ಯೂನಿಟ್‌ಗೆ ಇಳಿದಿದ್ದರೆ ಮೊದಲು ಫಲಕದ ಧೂಳು ತೊಳೆಯಬೇಕು. ತೊಳೆದರೂ ಸರಿಹೋಗದಿದ್ದರೆ ಇನ್ವರ್ಟರ್‌ನ ಮೊಬೈಲ್ ಆ್ಯಪ್‌ನಲ್ಲಿ ದಿನದ ರೇಖೆ ನೋಡಬೇಕು. ಮೋಡವಿಲ್ಲದ ದಿನಗಳಲ್ಲೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ರೇಖೆ ಕುಸಿಯುತ್ತಿದ್ದರೆ ಆ ಹೊತ್ತಿಗೆ ತಾರಸಿ ಹತ್ತಿ ನೆರಳು ಯಾವುದರದೆಂದು ನೋಡಬೇಕು. ದಿನವಿಡೀ ಕಡಿಮೆಯೇ ಇದ್ದರೆ ವೈರಿಂಗ್ ಅಥವಾ ಫಲಕದಲ್ಲೇ ದೋಷವಿರಬಹುದು. ಅದನ್ನು ಕೂರಿಸಿದವರೇ ಬಂದು ಪರೀಕ್ಷಿಸಬೇಕು.